ಅಜ್ಜಿಯ ಮೊದಲ ಕನ್ನಡ ಮೆಸೇಜು: ಕಲಿಸುವವರಿಗೆ ಒಂದು ಪೂರ್ತಿ ಮಾರ್ಗದರ್ಶಿ

ನನ್ನ ಅಜ್ಜಿಗೆ ಎಪ್ಪತ್ತೆಂಟು ವರ್ಷ. ತಂಗಿ ಓದಲು ಫ್ರಾಂಕ್‌ಫರ್ಟಿಗೆ ಹೋದ ಮೇಲೆ ವಾರಕ್ಕೊಂದು ವಿಡಿಯೋ ಕಾಲ್ ನಡೆಯುತ್ತಿತ್ತು. ಆದರೆ ಕಾಲ್‌ನಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಮಾತಾಡುತ್ತಾರೆ, ಅಜ್ಜಿಯ ಸರದಿ ಬರುವ ಹೊತ್ತಿಗೆ ತಂಗಿಗೆ ಹೊರಡುವ ಸಮಯ ಆಗಿರುತ್ತದೆ. ಒಂದು ದಿನ ಅಜ್ಜಿ ಫೋನನ್ನು ನನ್ನ ಮುಂದಿಟ್ಟು, "ನನ್ನ ಕೈಯಲ್ಲೇ ಅವಳಿಗೆ ನಾಲ್ಕು ಸಾಲು ಬರೀಬೇಕು, ತೋರಿಸು" ಅಂದರು.

ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ಸಂಜೆ ಹಿಡಿಯಿತು. ಅದರಲ್ಲಿ ಮೊದಲ ಸಂಜೆ ಪೂರ್ತಿ ವ್ಯರ್ಥ, ತಪ್ಪು ನನ್ನದೇ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೇಳಿದರೆ ಆ ಸಂಜೆ ಉಳಿಯಲಿ ಅಂತ, ನಡೆದದ್ದನ್ನೇ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಕೀಬೋರ್ಡು ಯಾವುದು?

ನಾನು ದಿನಾ ಬಳಸುವುದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಮೂಡುವ ಕೀಬೋರ್ಡು. `ajji` ಅಂತ ಹೊಡೆದರೆ "ಅಜ್ಜಿ" ಬರುತ್ತದೆ. ಅದನ್ನೇ ಅಜ್ಜಿಯ ಫೋನಿಗೂ ಹಾಕಿಕೊಟ್ಟೆ. ಅಜ್ಜಿಗೆ ಇಂಗ್ಲಿಷ್ ಅಕ್ಷರ ಬಾರದೆ ಏನಿಲ್ಲ, ಬಸ್ಸಿನ ಬೋರ್ಡು ಓದುತ್ತಾರೆ. ಆದರೂ ಆಗಲಿಲ್ಲ. ಅವರ ಮೊದಲ ಪ್ರಶ್ನೆಯೇ, "ಳ ಎಲ್ಲಿದೆ?"

ಉತ್ತರ ನನ್ನ ಹತ್ತಿರ ಸರಿಯಾಗಿ ಇರಲಿಲ್ಲ. ಆ ಕೀಬೋರ್ಡಿನಲ್ಲಿ ಲ, ಳ ಎರಡಕ್ಕೂ ನಾವು ಸುಮ್ನೆ `l` ಒತ್ತುತ್ತೇವೆ. ಆಮೇಲೆ ಮೇಲೆ ತೋರಿಸುವ ಪದಗಳಲ್ಲಿ ಸರಿಯಾದದ್ದನ್ನು ಆರಿಸುತ್ತೇವೆ. ನ, ಣ ಕೂಡ ಹಾಗೇ. ಹದಿನೈದು ವರ್ಷದಿಂದ ಕೀಬೋರ್ಡು ಕುಟ್ಟಿದ ನಮಗೆ ಇದು ಸಲೀಸು. ಕನ್ನಡವನ್ನು ಸ್ಲೇಟಿನ ಮೇಲೆ ತಿದ್ದಿ ಕಲಿತವರಿಗೆ ಳ ಅಂದರೆ ಳ. ಅದು ಇನ್ನೊಂದು ಅಕ್ಷರದ ಹಿಂದೆ ಅಡಗಿ ಕೂತಿದೆ ಅಂದರೆ ಅವರು ಯಾಕೆ ಒಪ್ಪಬೇಕು?

ಕೈಬರಹದ ಕೀಬೋರ್ಡನ್ನೂ ನೋಡಿದೆವು. ಬೆರಳಲ್ಲಿ ಗೀಚಿದರೆ ಫೋನು ಓದಿಕೊಳ್ಳುತ್ತದೆ. ಅಜ್ಜಿಗೆ ಖುಷಿಯಾಯಿತು, ಆದರೆ ಬೆರಳು ಸ್ವಲ್ಪ ನಡುಗುತ್ತದೆ, ಒತ್ತಕ್ಷರ ಬರೆಯುವಷ್ಟು ಜಾಗ ಕೆಳಗೆ ಸಿಗುವುದಿಲ್ಲ. ಮಧ್ಯೆ ಒಂದು ಕ್ಷಣ ಯೋಚಿಸಿದರೆ ಸಾಕು, ಅರ್ಧ ಬರೆದದ್ದನ್ನೇ ಫೋನು ಏನೋ ಒಂದು ಪದ ಮಾಡಿಬಿಡುತ್ತದೆ. ಮಾತಾಡಿದರೆ ಬರೆದುಕೊಳ್ಳುವ ಮೈಕು ಇದೆ ಅಂದೆ. "ಮಾತಾಡೋದಾದ್ರೆ ಫೋನೇ ಮಾಡ್ತೀನಲ್ಲ" ಅಂದರು. ಅದೂ ಸರಿ.

ಕೊನೆಗೆ ಉಳಿದದ್ದು ಕೀಗಳ ಮೇಲೆ ನೇರವಾಗಿ ಕನ್ನಡ ಅಕ್ಷರವೇ ಇರುವ ಕೀಬೋರ್ಡು. ಹಿರಿಯರಿಗೆ ನನ್ನ ಆಯ್ಕೆ ಈಗ ಇದೇ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಜಿಬೋರ್ಡ್ ಕೀಬೋರ್ಡು ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ `Languages`, ಅಲ್ಲಿ `Add keyboard`, ಆಮೇಲೆ ಕನ್ನಡ. ಕನ್ನಡ ಆರಿಸಿದಾಗ ಬೇರೆ ಬೇರೆ ವಿನ್ಯಾಸಗಳು ಕಾಣುತ್ತವೆ. `abc → ಕನ್ನಡ` ಅನ್ನುವುದನ್ನು ಬಿಟ್ಟು, ಬರೀ ಕನ್ನಡ ಅಕ್ಷರ ಇರುವುದನ್ನು ಆರಿಸಿ. ಐಫೋನಿನಲ್ಲಾದರೆ ಸೆಟ್ಟಿಂಗ್ಸ್‌ನ `General`, `Keyboard`, `Keyboards`, `Add New Keyboard` ದಾರಿ.

ಭಾಷೆಗಳ ಪಟ್ಟಿಯಲ್ಲಿ ಎರಡೇ ಇರಲಿ, ಕನ್ನಡ ಮತ್ತು ಇಂಗ್ಲಿಷ್. ಮೂರು ನಾಲ್ಕು ಇದ್ದರೆ ಗೋಳದ ಚಿತ್ರ ಇರುವ ಕೀ ತಪ್ಪಿ ತಾಗಿದಾಗಲೆಲ್ಲ ಕೀಬೋರ್ಡು ಇನ್ನೆಲ್ಲೋ ಹೋಗುತ್ತದೆ, ವಾಪಸ್ ಬರುವ ದಾರಿ ಗೊತ್ತಾಗುವುದಿಲ್ಲ. ಎರಡೇ ಇದ್ದರೆ, "ಅಕ್ಷರ ಬದಲಾಯ್ತಾ? ಗೋಳ ಒತ್ತು" ಅಂದರೆ ಪಾಠ ಮುಗಿಯಿತು.

ಅಕ್ಷರಕ್ಕಿಂತ ಮೊದಲು ಫೋನನ್ನು ಸರಿಮಾಡಿ

ಈ ಕೆಲಸ ನೀವೊಬ್ಬರೇ ಕೂತು ಮಾಡಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆಟ್ಟಿಂಗ್ಸ್ ಹುಡುಕಿದರೆ ಇದೆಲ್ಲ ತಮಗೂ ಗೊತ್ತಿರಬೇಕೇನೋ ಅಂತ ಹೆದರುತ್ತಾರೆ.

ಮೊದಲನೆಯದು, ಸ್ಕ್ರೀನು ಆರುವ ಸಮಯ. ತುಂಬಾ ಫೋನುಗಳಲ್ಲಿ ಮೂವತ್ತು ಸೆಕೆಂಡು ಮುಟ್ಟದಿದ್ದರೆ ಸ್ಕ್ರೀನು ಆರಿಹೋಗುತ್ತದೆ. ಹೊಸಬರಿಗೆ ಒಂದು ಅಕ್ಷರ ಹುಡುಕಲು ಅಷ್ಟು ಹೊತ್ತು ಬೇಕು. ನಮ್ಮ ಅಜ್ಜಿ "ಠ" ಹುಡುಕುತ್ತಿದ್ದಾಗ ಸ್ಕ್ರೀನು ಆರಿತು. ಫೋನನ್ನು ತಾವೇ ಕೆಡಿಸಿದ್ದು ಅಂತ ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದರು. ಅದನ್ನು ಐದೋ ಹತ್ತೋ ನಿಮಿಷಕ್ಕೆ ಏರಿಸಿ.

ಎರಡನೆಯದು ಇದಕ್ಕಿಂತ ಮುಖ್ಯ, ಆದರೆ ಕಣ್ಣಿಗೆ ಬೀಳದ್ದು. ಹಿರಿಯರು ಕೀಯನ್ನು ಒತ್ತಿ ಹಿಡಿಯುತ್ತಾರೆ. ಗುಂಡಿ ಒಳಗೆ ಹೋಗುವ ಯಂತ್ರಗಳಲ್ಲಿ ಪಳಗಿದ ಬೆರಳು ಅದು, ಮುಟ್ಟಿ ಬಿಡುವುದು ಅದಕ್ಕೆ ಗೊತ್ತಿಲ್ಲ. ಆದರೆ ಫೋನಿನಲ್ಲಿ ಒತ್ತಿ ಹಿಡಿಯುವುದಕ್ಕೆ ಬೇರೆ ಅರ್ಥ ಇದೆ. ಆ ಕೀ ಹಿಂದೆ ಇರುವ ಬೇರೆ ಅಕ್ಷರಗಳು ಮೇಲೆದ್ದು ಬರುತ್ತವೆ. ಕ ಒತ್ತಿದೆ, ಖ ಬಂತು ಅಂತ ಅವರು ದೂರಿದರೆ ಕಣ್ಣಿನ ದೋಷ ಅಂದುಕೊಳ್ಳಬೇಡಿ. ಬೆರಳು ಎಷ್ಟು ಹೊತ್ತು ಅಲ್ಲೇ ಇತ್ತು ನೋಡಿ. ಫೋನಿನ `Accessibility` ಅನ್ನುವ ಭಾಗದಲ್ಲಿ `Touch & hold delay` ಅಂತ ಇರುತ್ತದೆ, ಅದನ್ನು ಉದ್ದದ್ದಕ್ಕೆ ಇಡಿ. ಕೆಲವು ಕೀಬೋರ್ಡುಗಳ ಸೆಟ್ಟಿಂಗ್ಸ್‌ನಲ್ಲೂ ಇಂಥದೊಂದು ಆಯ್ಕೆ ಬೇರೆಯೇ ಇರುತ್ತದೆ. ಜೊತೆಗೆ ಅಜ್ಜಿಗೆ ಒಂದೇ ಮಾತು ಹೇಳಿದೆ: "ಬಿಸಿ ಪಾತ್ರೆ ಮುಟ್ಟಿ ನೋಡ್ತೀಯಲ್ಲ, ಹಾಗೆ." ಸೆಟ್ಟಿಂಗಿಗಿಂತ ಆ ಮಾತೇ ಜಾಸ್ತಿ ಕೆಲಸ ಮಾಡಿತು.

ಇನ್ನು ಕೀಬೋರ್ಡಿನ ಎತ್ತರವನ್ನು ದೊಡ್ಡದು ಮಾಡಿ. ಕೀ ಒತ್ತಿದಾಗ ಸಣ್ಣ ಸದ್ದು ಬರಲಿ. ತಾನಾಗಿ ಪದ ತಿದ್ದುವ `Auto-correction` ಆಫ್ ಮಾಡಿ. ಕಷ್ಟಪಟ್ಟು ಸರಿಯಾಗಿ ಬರೆದ ಪದ ಸ್ಪೇಸ್ ಒತ್ತಿದ ಕೂಡಲೇ ಬೇರೆಯಾದರೆ, ಯಾವುದು ತಮ್ಮ ತಪ್ಪು, ಯಾವುದು ಯಂತ್ರದ್ದು ಅಂತ ಕಲಿಯುವವರಿಗೆ ಗೊತ್ತಾಗುವುದೇ ಇಲ್ಲ. ಫೋನು ಮೇಜಿನ ಮೇಲಿರಲಿ. ಕೈಯಲ್ಲಿ ಹಿಡಿದರೆ ಹಿಡಿದ ಕೈಯ ಹೆಬ್ಬೆರಳು ಅಂಚಿಗೆ ತಾಗುತ್ತಿರುತ್ತದೆ, ಫೋನು ಅದನ್ನೂ ಒತ್ತಿದ್ದು ಅಂತಲೇ ಎಣಿಸುತ್ತದೆ.

ಎಲ್ಲಿ ಅಭ್ಯಾಸ ಮಾಡಿಸಬೇಕು

ಮೊಮ್ಮಗಳ ಚಾಟಿನಲ್ಲಂತೂ ಬೇಡ. ಎರಡನೇ ಸಂಜೆ ನಾನು ನೀರು ಕುಡಿಯಲು ಎದ್ದು ಹೋಗಿದ್ದೆ. ಅಷ್ಟರಲ್ಲಿ ಅಜ್ಜಿಯ ಬೆರಳು ಮೇಲಿನ ವಿಡಿಯೋ ಗುರುತಿಗೆ ತಾಗಿ, ತಂಗಿಗೆ ಕ್ಲಾಸಿನ ಮಧ್ಯೆ ಕಾಲ್ ಹೋಯಿತು. ಆಮೇಲೆ ಒಂದು ತಾಸು ಅಜ್ಜಿ ಫೋನು ಮುಟ್ಟಲಿಲ್ಲ.

ಫೋನಿನಲ್ಲಿರುವ ಟಿಪ್ಪಣಿ ಬರೆಯುವ ಆ್ಯಪ್ ತೆರೆದುಕೊಡಿ. ಅಲ್ಲಿ ಏನು ಒತ್ತಿದರೂ ಯಾರಿಗೂ ಹೋಗುವುದಿಲ್ಲ. ಅಕ್ಷರ ದೊಡ್ಡದಾಗಿ ಕಾಣುವಂತೆ ಮಾಡಿಕೊಳ್ಳಿ, ಯಾಕೆಂದರೆ ಒತ್ತು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಬೇಕಾಗುತ್ತದೆ.

ಮೊದಲ ಪಾಠ ಕಾಗುಣಿತದ್ದು

ಹೊಸಬರು ಮಾಡುವ ಮೊದಲ ತಪ್ಪು ಇದು: "ಪು" ಬರೆಯಲು ಪ ಒತ್ತಿ, ಆಮೇಲೆ ಉ ಒತ್ತುತ್ತಾರೆ. ತೆರೆಯ ಮೇಲೆ "ಪಉ" ಬರುತ್ತದೆ. ಅಜ್ಜಿಯೂ ಹಾಗೇ ಮಾಡಿದರು.

ಕೀಬೋರ್ಡಿನಲ್ಲಿ ಉ ಬೇರೆ, ಕೊಂಬು ಬೇರೆ. ಕೊಂಬಿನ ಕೀ ಮೇಲೆ ಚುಕ್ಕೆಗಳ ಒಂದು ವೃತ್ತ, ಅದಕ್ಕೆ ಅಂಟಿದ ಕೊಂಬು ಕಾಣುತ್ತದೆ, ಹೀಗೆ: ◌ು. ಆ ವೃತ್ತ ಅಂದರೆ ನಿನ್ನ ಅಕ್ಷರ ಇಲ್ಲಿ ಕೂರುತ್ತದೆ ಅಂತ ಅರ್ಥ. ಇದನ್ನು ಹೇಳದೆ ಬಿಟ್ಟರೆ ಆ ಚುಕ್ಕೆ ವೃತ್ತ ಏನೆಂದು ತಿಳಿಯದೆ ಅವರು ಆ ಕೀಗಳನ್ನು ಮುಟ್ಟುವುದೇ ಇಲ್ಲ.

ಇಲ್ಲಿ ಅಜ್ಜಿ ನನಗಿಂತ ಮುಂದಿದ್ದರು. ನಾನು "ಉ ಸ್ವರದ ಚಿಹ್ನೆ" ಅಂತೆಲ್ಲ ಹೇಳುತ್ತಿದ್ದೆ. ಅವರು ಕೀಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡಿ, ಬೆರಳಿಟ್ಟು ಓದುತ್ತಾ ಹೋದರು: "ಇದು ಇಳಿ. ಇದು ಗುಡಿಸು. ಇದು ಗುಡಿಸಿನ ದೀರ್ಘ. ಕೊಂಬು. ಏತ್ವ. ಎಲ್ಲಾ ಇದೆಯಲ್ಲೋ!" ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಎಪ್ಪತ್ತು ವರ್ಷದ ಮೇಲೂ ಅಲ್ಲೇ ಇತ್ತು. ಅದು ಹೆಚ್ಚು ಕಡಿಮೆ ಕೀ ಒತ್ತುವ ಕ್ರಮವೇ. ಕ, ಆಮೇಲೆ ಇಳಿ. ಹಾಗಾಗಿ ಹೊಸ ಹೆಸರು ಹುಟ್ಟಿಸಬೇಡಿ. ಅವರು ಕಲಿತ ಹೆಸರುಗಳಲ್ಲೇ ಹೇಳಿಕೊಡಿ, ಗೊತ್ತಿಲ್ಲದಿದ್ದರೆ ಅವರಿಂದಲೇ ಮೊದಲು ಕಲಿಯಿರಿ.

ಒಂದು ಕಡೆ ಮಾತ್ರ ಎಡವುತ್ತಾರೆ. ಕೈಯಲ್ಲಿ "ಕೀ" ಬರೆಯುವಾಗ ಮೊದಲು ಕಿ ಬರೆದು, ಪಕ್ಕದಲ್ಲಿ ದೀರ್ಘ ಎಳೆಯುತ್ತೇವೆ. "ಕೊ" ಬರೆಯುವಾಗಲೂ ಎರಡು ತುಂಡು. ಕೀಬೋರ್ಡಿನಲ್ಲಿ ಇವು ಇಡಿಯಾಗಿ ಒಂದೇ ಕೀ. ಗುಡಿಸು ಒತ್ತಿ ಆಮೇಲೆ ದೀರ್ಘದ ಕೀ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ◌ೀ, ◌ೇ, ◌ೊ, ◌ೋ ಇವನ್ನು ಬೇರೆ ಬೇರೆಯಾಗಿ ತೋರಿಸಿ, ಒಂದೊಂದನ್ನು ಎರಡು ಸಲ ಒತ್ತಿಸಿ ನೋಡಿ, ಸಾಕು.

ಕೆಲವು ಕೀಬೋರ್ಡುಗಳಲ್ಲಿ ವ್ಯಂಜನ ಒತ್ತಿದ ಕೂಡಲೇ ಸ್ವರಗಳ ಜಾಗ ಬದಲಾಗಿ, ಅಲ್ಲಿ ಗುಣಿತದ ರೂಪಗಳು ಬರುತ್ತವೆ. ಒಂದು ರೀತಿಯಲ್ಲಿ ಇದು ಅನುಕೂಲ, ಆದರೆ "ಈಗ ತಾನೇ ಇಲ್ಲಿ ಇ ಇತ್ತು, ಎಲ್ಲಿ ಹೋಯ್ತು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕೀ ಜಾಗ ಬಿಟ್ಟು ಓಡಿಲ್ಲ, ಅಕ್ಷರ ಮುಗಿದ ಮೇಲೆ ವಾಪಸ್ ಬರುತ್ತದೆ ಅಂತ ಒಂದು ಸಲ ತೋರಿಸಿ. ನಡುವೆ ಕೀಬೋರ್ಡು ಮಾತ್ರ ಬದಲಿಸಬೇಡಿ, ಬೆರಳಿಗೆ ಜಾಗ ನೆನಪಾಗುವುದು ನಿಧಾನ.

ಒತ್ತಕ್ಷರ: ಕೈ ಹೇಳುವುದು ಒಂದು, ಬಾಯಿ ಹೇಳುವುದು ಇನ್ನೊಂದು

ಇಡೀ ಕೆಲಸದಲ್ಲಿ ನಿಜವಾಗಿ ಕಷ್ಟ ಇರುವುದು ಇಲ್ಲಿ. ಉಳಿದದ್ದನ್ನೆಲ್ಲ ಅವಸರದಲ್ಲಿ ಮುಗಿಸಿದರೂ ಪರವಾಗಿಲ್ಲ, ಇದಕ್ಕೆ ಒಂದು ಸಂಜೆ ಇಡಿ.

ತಂಗಿಯನ್ನು ಮನೆಯಲ್ಲಿ ಕರೆಯುವುದು ಪುಟ್ಟಿ ಅಂತ. ಅಜ್ಜಿ ಆ ಹೆಸರಿನಿಂದಲೇ ಶುರುಮಾಡಿದರು. "ಪು" ಬಂತು. ಆಮೇಲೆ ಟ, ಗುಡಿಸು. "ಟಿ" ಬಂತು. ಆಮೇಲೆ "ಒತ್ತು ಎಲ್ಲಿ?" ಅಂದರು. ಕೀಬೋರ್ಡಿನಲ್ಲಿ ಒತ್ತಿನ ಕೀಗಳೇ ಇಲ್ಲ. ಅದಕ್ಕೆ ಬದಲು ಒಂದೇ ಒಂದು ಕೀ ಇದೆ: ◌್. "ಕ್" ಅನ್ನುವಾಗ ಮೇಲೆ ಬರುವ ಆ ಕೊಕ್ಕೆ. ನಾನು ಅದನ್ನು "ಕೊಂಡಿ" ಅಂತ ಕರೆದೆ, ಎರಡು ಅಕ್ಷರವನ್ನು ಸೇರಿಸುವುದರಿಂದ. ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಕೀಲಿಮಣೆ ಬಳಸಿದವರಿಗೆ ಇದು `f` ಕೀ, ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸುವವರಿಗೆ `d` ಕೀ.

ಅಜ್ಜಿ ಟಿ ಆದ ಮೇಲೆ ಕೊಂಡಿ ಒತ್ತಿದರು, ಆಮೇಲೆ ಇನ್ನೊಂದು ಟ. ತೆರೆಯ ಮೇಲೆ ಟಿ ಪಕ್ಕದಲ್ಲಿ ಕೊಕ್ಕೆ ನೇತಾಡುತ್ತಿತ್ತು, ಎರಡನೇ ಟ ಕೆಳಗಿಳಿಯದೆ ಪಕ್ಕದಲ್ಲಿ ದೊಡ್ಡದಾಗಿ ನಿಂತಿತ್ತು. "ನಾನು ಸರಿಯಾಗೇ ಬರೆದೆ" ಅಂದರು. ಅದು ನಿಜ. ಕಾಗದದ ಮೇಲೆ ಎಲ್ಲರೂ ಹಾಗೇ ಬರೆಯುವುದು. ಮೊದಲು ಟಿ, ಆಮೇಲೆ ಕೆಳಗೆ ಒತ್ತು.

ಫೋನಿಗೆ ಕಾಗದದ ಕ್ರಮ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಾಯಿಯ ಕ್ರಮ. ಪುಟ್ಟಿ ಅಂತ ನಿಧಾನವಾಗಿ ಹೇಳಿ ನೋಡಿ. ಪು, ಟ್, ಟಿ. ಮೊದಲ ಟಕಾರಕ್ಕೆ ಸ್ವರವೇ ಇಲ್ಲ, "ಇ" ಕೇಳಿಸುವುದು ಎರಡನೆಯದು ಮುಗಿದ ಮೇಲೆ. ಆದ್ದರಿಂದ ಗುಡಿಸು ಬರಬೇಕಾದ್ದು ಕಟ್ಟಕಡೆಗೆ. ಕಣ್ಣಿಗೆ ಅದು ಮೊದಲ ಟ ಮೇಲೆ ಕೂತಂತೆ ಕಂಡರೂ ಸರಿ.

```
ಪ  ◌ು  ಟ  ◌್  ಟ  ◌ಿ   →  ಪುಟ್ಟಿ
ಅ  ಜ  ◌್  ಜ  ◌ಿ       →  ಅಜ್ಜಿ
```

ನಾನು ಅಜ್ಜಿಗೆ ಹೇಳಿದ್ದು ಇಷ್ಟೇ: "ಬರೆದಂತೆ ಒತ್ತಬೇಡ. ಹೇಳಿದಂತೆ ಒತ್ತು. ಇಳಿ, ಗುಡಿಸು, ಕೊಂಬು ಎಲ್ಲಾ ಒತ್ತು ಬಂದ ಮೇಲೆ."

ಇದು ಮನಸ್ಸಿಗೆ ಹೋಗಲು ಒಂದು ಸಣ್ಣ ಅಡ್ಡಿ ಇದೆ, ಅದನ್ನು ಮೊದಲೇ ಹೇಳಿಬಿಡಿ. ಟ ಆದ ಮೇಲೆ ಕೊಂಡಿ ಒತ್ತಿದಾಗ ತೆರೆಯ ಮೇಲೆ "ಪುಟ್" ಅಂತ ಕಾಣುತ್ತದೆ. ತಪ್ಪಾಯಿತು ಅಂತ ಅವರು ಅಲ್ಲೇ ಅಳಿಸಲು ಹೋಗುತ್ತಾರೆ. ಅಜ್ಜಿ ಐದು ಸಲ ಅಳಿಸಿದರು. ಅದು ಅರ್ಧದಾರಿ, ಮುಂದಿನ ಟ ಒತ್ತಿದ ಕೂಡಲೇ ಕೊಕ್ಕೆ ಮಾಯವಾಗಿ ಒತ್ತು ಕೆಳಗಿಳಿಯುತ್ತದೆ. ಆರನೇ ಸಲ ನಾನು ಅವರ ಕೈ ಹಿಡಿದುಕೊಂಡು, "ಇನ್ನೊಂದು ಟ ಒತ್ತು, ಆಮೇಲೆ ಬೈಯಿ" ಅಂದೆ. ಟ ಒತ್ತಿದರು. ಒತ್ತು ಇಳಿಯಿತು. ಬೈಯಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಅಭ್ಯಾಸಕ್ಕೆ ಮೊದಲು ಗುಣಿತ ಇಲ್ಲದ ಪದ ಕೊಡಿ: ಅಮ್ಮ, ಅಣ್ಣ, ಅಕ್ಕ. ಆಮೇಲೆ ಗುಣಿತ ಸೇರಿಸಿ: ಅಜ್ಜಿ, ಅತ್ತೆ, ಹಳ್ಳಿ. ಆಮೇಲೆ ಬೇರೆ ಅಕ್ಷರದ ಒತ್ತು: ಪುಸ್ತಕ, ಸ್ನೇಹ. ಕ್ಷ ಮತ್ತು ಜ್ಞ ಕಣ್ಣಿಗೆ ಒಂದೇ ಅಕ್ಷರದಂತೆ ಕಾಣುವುದರಿಂದ ಅವಕ್ಕೆ ಬೇರೆ ಕೀ ಹುಡುಕುತ್ತಾರೆ. ಕೆಲವು ಕೀಬೋರ್ಡಿನಲ್ಲಿ ಇರುತ್ತದೆ. ಇಲ್ಲದಿದ್ದರೆ ಕ, ಕೊಂಡಿ, ಷ. ಹಾಗೇ ಜ, ಕೊಂಡಿ, ಞ.

ಅರ್ಕಾವತ್ತು

ಒತ್ತಕ್ಷರದಲ್ಲಿ ಕೈ ಮತ್ತು ಬಾಯಿ ಸ್ವಲ್ಪ ಜಗಳವಾಡಿದರೆ, ಇಲ್ಲಿ ಪೂರ್ತಿ ಬೇರೆಯಾಗುತ್ತವೆ. "ಬರ್ತೀಯ" ಅಂತ ಕೈಯಲ್ಲಿ ಬರೆಯುವುದು ಹೇಗೆ? ಬ, ತೀ, ಅದರ ಪಕ್ಕ ಅರ್ಕಾವತ್ತು, ಆಮೇಲೆ ಯ. ಆದರೆ ಹೇಳುವಾಗ ರಕಾರ ತಕಾರಕ್ಕಿಂತ ಮೊದಲು ಬರುತ್ತದೆ. ಕೀ ಒತ್ತುವುದೂ ಹಾಗೇ.

```
ಬ  ರ  ◌್  ತ  ◌ೀ  ಯ   →  ಬರ್ತೀಯ
```

ಅಜ್ಜಿ ಇಲ್ಲಿ "ಬತೀ" ತನಕ ಬಂದು, ಅರ್ಕಾವತ್ತಿನ ಕೀ ಹುಡುಕುತ್ತಾ ಮೂರು ನಿಮಿಷ ಕೂತರು. ಅದಕ್ಕೆ ಕೀ ಇಲ್ಲವೇ ಇಲ್ಲ. ರ, ಕೊಂಡಿ ಒತ್ತಿ, ಮುಂದಿನ ವ್ಯಂಜನ ಒತ್ತಿದರೆ ಫೋನೇ ರಕಾರವನ್ನು ಎತ್ತಿ ಆ ವ್ಯಂಜನದ ಬಲಕ್ಕೆ ಇಡುತ್ತದೆ. ಕಣ್ಣೆದುರೇ ಜಿಗಿಯುತ್ತದೆ. ಇದನ್ನು ನೋಡಿ ಅಜ್ಜಿ ಮೊದಲ ಸಲ ನಕ್ಕರು.

ರಕಾರ ಒತ್ತಾಗಿ ಬರುವುದೂ ಇದೆ ಅಲ್ವಾ, "ಪ್ರೀತಿ"ಯಲ್ಲಿ ಇದ್ದಂತೆ. ಇವೆರಡನ್ನು ಒಟ್ಟಿಗೆ ತೋರಿಸುವುದು ಒಳ್ಳೆಯದು, ಯಾಕೆಂದರೆ ಕೀಗಳು ಅವೇ ಮೂರು, ಕ್ರಮ ಮಾತ್ರ ಬೇರೆ.

```
ಪ  ◌್  ರ   →  ಪ್ರ
ರ  ◌್  ಪ   →  ರ್ಪ
```

ಯಾವುದು ಮೊದಲು ಅಂತ ಸಂಶಯ ಬಂದರೆ ಪದವನ್ನು ಜೋರಾಗಿ ಹೇಳಲಿ. ಸರ್ಪ ಅನ್ನುವಾಗ ನಾಲಿಗೆ ಮೊದಲು ರಕಾರಕ್ಕೆ ಹೋಗುತ್ತದೆ, ಪ್ರೀತಿ ಅನ್ನುವಾಗ ಮೊದಲು ತುಟಿ ಮುಚ್ಚುತ್ತದೆ. ಎರಡನೇ ದಿನದ ನಂತರ ಅಜ್ಜಿ ಕೀ ಒತ್ತುವಾಗಲೆಲ್ಲ ಗೊಣಗಿಕೊಳ್ಳುತ್ತಾ ಬರೆಯುತ್ತಿದ್ದರು. ಅದನ್ನು ನಿಲ್ಲಿಸಬೇಡಿ.

ಇದೇ ಕೊಂಡಿಯಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ತಂಗಿ ಇರುವ ಊರಿನ ಹೆಸರು ಬರೆಯಲು ಹೋದಾಗ "ಫ್ರಾಂಕ್ಫರ್ಟ್" ಅಂತ ಬಂತು, ಕಕಾರದ ಕೆಳಗೆ ಫ ಒತ್ತಾಗಿ ನುಸುಳಿಬಿಟ್ಟಿತು. "ಕ್" ಅಲ್ಲೇ ನಿಲ್ಲಬೇಕಾದರೆ ಕಣ್ಣಿಗೆ ಕಾಣದ ಒಂದು ಗುರುತನ್ನು ನಡುವೆ ಹಾಕಬೇಕು. ಕೆಲವು ಕೀಬೋರ್ಡುಗಳಲ್ಲಿ ಅದು `ZWNJ` ಅನ್ನುವ ಹೆಸರಲ್ಲಿ ಇರುತ್ತದೆ. ಅದನ್ನು ಅಜ್ಜಿಗೆ ಕಲಿಸಲು ಹೋಗಲಿಲ್ಲ. ನಡುವೆ ಒಂದು ಸ್ಪೇಸ್ ಬಿಡು ಅಂದೆ. "ಅವಳಿಗೆ ಅವಳ ಊರಿನ ಹೆಸರು ಗೊತ್ತಿಲ್ವಾ, ನಾನ್ಯಾಕೆ ಬರೀಲಿ" ಅಂತ ಅಜ್ಜಿ ಅದನ್ನು ಬಿಟ್ಟೇಬಿಟ್ಟರು.

ಅಳಿಸುವುದನ್ನೂ ಕಲಿಸಬೇಕು

ನಾನು ಇದನ್ನು ಪಾಠ ಅಂತಲೇ ಎಣಿಸಿರಲಿಲ್ಲ. ಆದರೆ "ಪುಟ್ಟಿ" ಬರೆದು ಒಂದು ಸಲ ಅಳಿಸುವ ಕೀ ಒತ್ತಿ ನೋಡಿ. ಹೆಚ್ಚಿನ ಫೋನುಗಳಲ್ಲಿ "ಟ್ಟಿ" ಪೂರ್ತಿ ಹೋಗುವುದಿಲ್ಲ, ಕೊನೆಗೆ ಒತ್ತಿದ ಕೀ ಮಾತ್ರ ಹೋಗುತ್ತದೆ.

```
ಪುಟ್ಟಿ → ಪುಟ್ಟ → ಪುಟ್ → ಪುಟ → ಪು → ಪ
```

ಮೂರನೆಯದನ್ನು ನೋಡಿ. ಅಳಿಸಿದಾಗ ಇಲ್ಲದ ಕೊಕ್ಕೆ ಹೊಸದಾಗಿ ಬಂದಂತೆ ಕಾಣುತ್ತದೆ. "ಅಳಿಸಿದ್ರೆ ಇನ್ನೇನೋ ಸೇರಿಸ್ತಿದೆ" ಅಂದರು ಅಜ್ಜಿ. ಒತ್ತಿದ ಕೀಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿವೆ, ಅಷ್ಟೇ. ಈ ಸಾಲನ್ನು ಒಮ್ಮೆ ಮುಂದಕ್ಕೂ ಹಿಂದಕ್ಕೂ ಮಾಡಿಸಿದರೆ ಒತ್ತಕ್ಷರ ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವುದೂ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ನಾನು ಕೊಟ್ಟ ಎಲ್ಲ ವಿವರಣೆಗಿಂತ ಇದೇ ಚೆನ್ನಾಗಿ ಕೆಲಸ ಮಾಡಿತು.

ಅಳಿಸುವ ಕೀಯನ್ನು ಒತ್ತಿ ಹಿಡಿದರೆ ಬರೆದದ್ದೆಲ್ಲ ಸರಸರ ಹೋಗಿಬಿಡುತ್ತದೆ. ಒತ್ತಿ ಹಿಡಿಯುವ ಅಭ್ಯಾಸ ಇರುವವರಿಗೆ ಇದು ದೊಡ್ಡ ಅಪಾಯ, ಎಚ್ಚರಿಸಿ. ಪದದ ನಡುವಿನ ತಪ್ಪು ತಿದ್ದಲು ಬೆರಳಿಟ್ಟು ಅಲ್ಲಿಗೇ ಹೋಗುವುದು ಸದ್ಯಕ್ಕೆ ಬೇಡ. ಬೆರಳು ಅಕ್ಷರದ ಪಕ್ಕ ಮಿನುಗುವ ಗೆರೆಗಿಂತ ದಪ್ಪ, ಒತ್ತಕ್ಷರದ ಮಧ್ಯಕ್ಕೆ ಗೆರೆ ಹೋಗುವುದೂ ಇಲ್ಲ. ಆ ಪದದ ಕೊನೆಯಿಂದ ಅಳಿಸಿಕೊಂಡು ಬಂದು ಮತ್ತೆ ಬರೆಯುವುದೇ ಬೇಗ ಆಗುತ್ತದೆ.

ಇಡೀ ಮೆಸೇಜು

ಮೂರನೇ ಸಂಜೆ ಅಜ್ಜಿ ಮೊದಲು ಒಂದು ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಇದನ್ನು ನೀವೂ ಮಾಡಿಸಿ. ಏನು ಬರೆಯಬೇಕು, ಕೀ ಎಲ್ಲಿದೆ, ಎರಡನ್ನೂ ಒಟ್ಟಿಗೆ ಯೋಚಿಸುವುದು ಕಷ್ಟ. ಚೀಟಿಯಲ್ಲಿ ಇದ್ದದ್ದು ಹೀಗೆ: ಪುಟ್ಟಿ, ಚೆನ್ನಾಗಿದ್ದೀಯಾ? ಯಾವಾಗ ಬರ್ತೀಯ? ಅಜ್ಜಿ.

ನಾಲ್ಕು ಸಾಲು ಅಂದಿದ್ದವರು ಒಂದೇ ಸಾಲಿಗೆ ಬಂದಿದ್ದರು. ಐದು ಪದ. ಸ್ಪೇಸ್, ಪ್ರಶ್ನಾರ್ಥಕ ಎಲ್ಲ ಬಿಟ್ಟು ಮೂವತ್ತಾರು ಕೀ. ಅದರಲ್ಲಿ ಎರಡನೇ ಪದವೊಂದೇ ಹದಿನಾಲ್ಕು.

```
ಚ ◌ೆ ನ ◌್ ನ ◌ಾ ಗ ◌ಿ ದ ◌್ ದ ◌ೀ ಯ ◌ಾ
```

ಇದನ್ನು ಒಂದೇ ಉಸಿರಿಗೆ ಒತ್ತಿಸಬೇಡಿ. ಚೆನ್ನಾ, ಗಿ, ದ್ದೀ, ಯಾ ಅಂತ ಒಡೆದುಕೊಂಡು, ಒಂದೊಂದು ತುಂಡಾದ ಮೇಲೂ ತೆರೆ ನೋಡಿ, ಸರಿಯಿದ್ದರೆ ಮುಂದೆ ಹೋಗಲಿ. ಹದಿನಾಲ್ಕು ಕೀ ಒತ್ತಿದ ಮೇಲೆ ಮೂರನೆಯದು ತಪ್ಪು ಅಂತ ತಿಳಿದರೆ ಎಲ್ಲ ಅಳಿಸಬೇಕು. ಅಜ್ಜಿ "ದ್ದೀ"ಯಲ್ಲಿ ಮತ್ತೆ ಹಳೇ ತಪ್ಪು ಮಾಡಿದರು, ದೀ ಬರೆದು ಆಮೇಲೆ ಕೊಂಡಿ. ನಾನು ಬಾಯಿ ತೆರೆಯುವ ಮೊದಲೇ ನೇತಾಡುವ ಕೊಕ್ಕೆ ನೋಡಿ "ದೀರ್ಘ ಕೊನೆಗೆ" ಅಂತ ತಾವೇ ಅಳಿಸಿದರು. ಅಲ್ಲಿಂದ ಮುಂದೆ ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

ಪ್ರಶ್ನಾರ್ಥಕ ಚಿಹ್ನೆ ಅಂಕಿಗಳಿರುವ ಇನ್ನೊಂದು ಪುಟದಲ್ಲಿ ಇರುತ್ತದೆ. `?123` ಅನ್ನುವ ಕೀ ಒತ್ತಿ ಅಲ್ಲಿಗೆ ಹೋಗಬೇಕು, ಮತ್ತೆ ಅಕ್ಷರಕ್ಕೆ ವಾಪಸ್ ಬರಬೇಕು. ಮೊದಲ ಮೆಸೇಜಿಗೆ ಇದು ಬೇಡ ಅಂದೆ. ಅಜ್ಜಿ ಕೇಳಲಿಲ್ಲ. "ಪ್ರಶ್ನೆ ಗುರುತು ಇಲ್ದೆ ಇದ್ರೆ ಅವಳು ಉತ್ತರ ಕೊಡ್ತಾಳಾ?"

ಬರೆದು ಮುಗಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು.

ಕಳಿಸುವುದು ಮತ್ತು ಕಾಯುವುದು

ಟಿಪ್ಪಣಿಯಲ್ಲಿ ಬರೆದದ್ದನ್ನು ನಾನು ಕಾಪಿ ಮಾಡಿ ತಂಗಿಯ ಚಾಟಿಗೆ ಹಾಕಿಕೊಟ್ಟೆ. ಅಷ್ಟು ಮಾತ್ರ ನನ್ನ ಕೈ. ಕಳಿಸುವ ಬಾಣದ ಗುರುತನ್ನು ಅಜ್ಜಿಯೇ ಒತ್ತಿದರು. ತಪ್ಪಾಗಿ ಕಳಿಸಿದರೂ ಭಯವಿಲ್ಲ, ಮೆಸೇಜನ್ನು ಒತ್ತಿ ಹಿಡಿದರೆ ಎಲ್ಲರಿಗೂ ಅಳಿಸುವ ದಾರಿ ಇದೆ ಅಂತ ಒಂದು ಸಲ ತೋರಿಸಿ. ಆದರೆ ಅದು ಆ ಕಡೆಯವರು ಓದಿಬಿಡುವ ಮೊದಲು ಮಾಡಿದರೆ ಉಪಯೋಗ.

ಆಮೇಲೆ ಬರುವ ಗೀಟುಗಳ ಅರ್ಥ ಹೇಳದೆ ಎದ್ದು ಹೋಗಬೇಡಿ. ವಾಟ್ಸಾಪ್‌ನಲ್ಲಿ ಬೂದು ಬಣ್ಣದ ಒಂದು ಗೀಟು ಅಂದರೆ ಇಲ್ಲಿಂದ ಹೊರಟಿದೆ. ಎರಡು ಅಂದರೆ ಅವಳ ಫೋನಿಗೆ ಸೇರಿದೆ. ಎರಡೂ ನೀಲಿಯಾದರೆ ಓದಿದ್ದಾಳೆ. ಓದಿದ್ದು ತೋರಿಸಬಾರದು ಅಂತ ಆ ಕಡೆಯವರು ಇಟ್ಟುಕೊಂಡಿದ್ದರೆ ನೀಲಿ ಆಗುವುದೇ ಇಲ್ಲ, ಅದನ್ನೂ ಹೇಳಿ. ಇಲ್ಲದಿದ್ದರೆ ರಾತ್ರಿಯಿಡೀ ಚಿಂತೆ ಮಾಡುತ್ತಾರೆ. ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ನಾವು ಬೆಳಗ್ಗೆ ಎದ್ದ ಕೂಡಲೇ ಕಳಿಸಿದರೆ ಅಲ್ಲಿ ನಡುರಾತ್ರಿ. ಅವಳ ಊರಿನ ಸಮಯವೂ ಕಾಣುವಂತೆ ಇನ್ನೊಂದು ಗಡಿಯಾರವನ್ನು ಫೋನಿನ ಮೊದಲ ಪುಟದಲ್ಲಿ ಇಟ್ಟುಕೊಟ್ಟೆ. ನಾವು ಕಳಿಸಿದ್ದು ರಾತ್ರಿ ಎಂಟಕ್ಕೆ, ಅಲ್ಲಿ ಮಧ್ಯಾಹ್ನ ಮೂರೂವರೆ.

ಗೀಟು ನೀಲಿಯಾದದ್ದು ಒಂಬತ್ತಕ್ಕೆ. ತಂಗಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವವಳು. ಅವತ್ತು "ಟೈಪಿಂಗ್" ಅಂತ ತುಂಬಾ ಹೊತ್ತು ತೋರಿಸುತ್ತಲೇ ಇತ್ತು, ನಿಂತಿತು, ಮತ್ತೆ ಶುರುವಾಯಿತು. ಕೊನೆಗೆ ಬಂದದ್ದು ಕನ್ನಡದಲ್ಲೇ ಇತ್ತು, ಡಿಸೆಂಬರ್‌ನಲ್ಲಿ ಬರ್ತೀನಿ ಅಂತ. ಆದರೆ ಮೊದಲ ಪದದಲ್ಲಿ "ಅಜಿ" ಪಕ್ಕ ಒಂದು ಕೊಕ್ಕೆ ನೇತಾಡುತ್ತಿತ್ತು, ಅದರ ಪಕ್ಕ ಇನ್ನೊಂದು ಜ ದೊಡ್ಡದಾಗಿ ನಿಂತಿತ್ತು.

ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು. ನನ್ನನ್ನು ಕೇಳದೆ ಟೇಬಲ್ಲಿನ ಮೇಲಿಟ್ಟುಕೊಂಡು, ಗೊಣಗಿಕೊಳ್ಳುತ್ತಾ ಎರಡನೇ ಮೆಸೇಜು ಒತ್ತಲು ಶುರುಮಾಡಿದರು: "ಗುಡಿಸು ಕೊನೆಗೆ ಪುಟ್ಟಿ."